‘ಬಿತ್ತರಿಸಿ’ ಎಂದರೆ ಫೋನಿನ ಪರದೆಯನ್ನೇ ತೋರಿಸಿ ಎಂದೇ?

ಆಲೂರಿನಿಂದ:

ಹಾಸನ ಜಿಲ್ಲೆಯ ಆಲೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮ ಪ್ರೊಜೆಕ್ಟರಿನ ಎಚ್‌ಡಿಎಂಐ ಕಿಂಡಿಗೆ ಒಂದು ವೈಫೈ ಡಾಂಗಲ್ ಸಿಕ್ಕಿಸಿದೆ. ಫೋನಿನಲ್ಲಿರುವ ಸ್ಲೈಡ್‌ಗಳನ್ನು ವೈರ್ ಇಲ್ಲದೆ ತೋರಿಸಬಹುದು. ಉಳಿದ ಮೇಷ್ಟ್ರುಗಳಿಗೆ ಅನುಕೂಲವಾಗಲಿ ಅಂತ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದೆ. ‘ವೈಫೈ ಆನ್ ಮಾಡಿ, ಆಮೇಲೆ ಬಿತ್ತರಿಸಿ’ ಎಂದು ಬರೆದಿದ್ದೆ. ನನ್ನ ಫೋನ್ ಕನ್ನಡದಲ್ಲಿದೆ, ಅದರಲ್ಲಿ ಇರುವುದೇ ‘ಬಿತ್ತರಿಸುವಿಕೆ’.

ಸಮಾಜ ಪಾಠದ ಮೇಡಂ ಹಾಳೆ ಓದಿ, ವಿಡಿಯೊ ಆ್ಯಪಿನೊಳಗೆ ಬಿತ್ತರಿಸುವ ಗುರುತು ಇದೆಯಲ್ಲ, ಅದನ್ನು ಒತ್ತಿದರು. ಮನೆಯ ಟಿವಿಗೆ ಅವರು ಹಾಗೇ ಮಾಡುವುದು. ಇಲ್ಲಿ ಡಾಂಗಲ್ ಹೆಸರೇ ಬರಲಿಲ್ಲ. ಹತ್ತು ನಿಮಿಷ ಪಾಠ ಹೋಯಿತು. ನಾನು ಬರೆದ ಪದವೇ ಅವರನ್ನು ದಾರಿ ತಪ್ಪಿಸಿತು. ಈ ಎರಡು ಕೆಲಸಕ್ಕೂ ಒಂದೇ ಪದ ಸಾಕೇ? ಪರದೆಯನ್ನು ಇದ್ದ ಹಾಗೇ ತೋರಿಸುವುದಕ್ಕೆ ‘ಪ್ರತಿಬಿಂಬಿಸಿ’ ಅನ್ನಬಹುದೇ?

ಸಕಲೇಶಪುರದಿಂದ:

ಬಿತ್ತರಿಸು ಒಳ್ಳೆಯ ಪದ ಸಾರ್. ‘ಬಿತ್ತು’ ಎಂಬುದರಿಂದಲೇ ಬಂದದ್ದು. ಗದ್ದೆಯಲ್ಲಿ ಬೀಜ ಎರಚಿದ ಹಾಗೆ ಚಿತ್ರ ಎರಚುವುದು. ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಕೂಡ ಮೊದಲು ಬೀಜ ಚೆಲ್ಲುವುದಕ್ಕೇ ಇದ್ದ ಮಾತು. ಎರಡಕ್ಕೂ ಅದೇ ಇರಲಿ.

ಕಡೂರಿನಿಂದ:

ನನ್ನದೂ ಇದೇ ತೊಂದರೆ. ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ತಂದೆ. ಅದೇ ಕಿಂಡಿಯಲ್ಲಿ ಫೋನ್ ಚಾರ್ಜ್ ಆಗುತ್ತದೆ, ಪೆನ್‌ಡ್ರೈವ್ ಓದುತ್ತದೆ. ಪ್ರೊಜೆಕ್ಟರಿಗೆ ಹಾಕಿದರೆ ಮಾತ್ರ ‘ಸಿಗ್ನಲ್ ಇಲ್ಲ’ ಎನ್ನುತ್ತದೆ. ಕೇಬಲ್ ಕೆಟ್ಟಿದೆಯೇ?

ಚಿಕ್ಕಮಗಳೂರಿನಿಂದ:

ಬ್ರಾಡ್‌ಕಾಸ್ಟ್ ಬಗ್ಗೆ ಸಕಲೇಶಪುರದವರು ಹೇಳಿದ್ದು ಸರಿ. ಆದರೆ ಬಿತ್ತರಕ್ಕೂ ಬಿತ್ತನೆಗೂ ನಂಟಿಲ್ಲ. ಬಿತ್ತರ ಎಂಬುದು ಸಂಸ್ಕೃತದ ‘ವಿಸ್ತರ’ದ ತದ್ಭವ. ವಿಧಿ ಬಿದಿಯಾದ ಹಾಗೆ ‘ವಿ’ ಹೋಗಿ ‘ಬಿ’ ಬಂತು. ಪುಸ್ತಕ ಹೊತ್ತಗೆಯಾದ ಹಾಗೆ ‘ಸ್ತ’ ಹೋಗಿ ‘ತ್ತ’ ಬಂತು. ಹರಡುವುದು, ಬಿಡಿಸಿ ಹೇಳುವುದು ಅದರ ಅರ್ಥ.

ಈಗ ಆಲೂರಿನವರ ಪ್ರಶ್ನೆ. ಮೇಡಂ ಒತ್ತಿದ ಗುರುತು ಫೋನಿನ ಪರದೆಯನ್ನು ಕಳಿಸುವುದೇ ಇಲ್ಲ. ‘ವಿಡಿಯೊ ಇಂಥ ಕಡೆ ಇದೆ, ನೀನೇ ತಗೋ’ ಎಂದು ಟಿವಿಗೆ ಹೇಳುತ್ತದೆ ಅಷ್ಟೇ. ಟಿವಿ ಅದನ್ನು ಇಂಟರ್ನೆಟ್‌ನಿಂದ ತಾನೇ ತರಿಸಿಕೊಳ್ಳುತ್ತದೆ. ಅದಕ್ಕೇ ಫೋನಿನ ಪರದೆ ಆರಿದರೂ ವಿಡಿಯೊ ಓಡುತ್ತಿರುತ್ತದೆ. ನಿಮ್ಮ ಡಾಂಗಲ್ ಮಿರಾಕಾಸ್ಟ್ ಬಗೆಯದು ಅನ್ನಿಸುತ್ತದೆ. ಅದಕ್ಕೆ ಫೋನ್ ತನ್ನ ಪರದೆಯ ಚಿತ್ರವನ್ನೇ ನೇರವಾಗಿ ಕಳಿಸುತ್ತದೆ. ರೂಟರ್ ಬೇಡ, ಇಂಟರ್ನೆಟ್ ಬೇಡ, ಫೋನಿನ ವೈಫೈ ಆನ್ ಇದ್ದರೆ ಸಾಕು. ಆದರೆ ಫೋನ್ ಲಾಕ್ ಆದರೆ ಗೋಡೆಯ ಚಿತ್ರವೂ ಹೋಗುತ್ತದೆ. ಕರೆ ಬಂದರೆ ಯಾರದೆಂದು ಮಕ್ಕಳಿಗೆಲ್ಲ ಕಾಣುತ್ತದೆ. ಇದರ ಗುಂಡಿ ಆ್ಯಪಿನೊಳಗೆ ಇರುವುದಿಲ್ಲ. ಪರದೆಯ ಮೇಲಿನಿಂದ ಕೆಳಗೆ ಎಳೆದಾಗ ಬರುವ ಪಟ್ಟಿಯಲ್ಲೋ ಸೆಟ್ಟಿಂಗ್ಸ್‌ನಲ್ಲೋ ಹುಡುಕಬೇಕು. ಸ್ಯಾಮ್‌ಸಂಗ್ ಫೋನಿನಲ್ಲಿ ಅದರ ಹೆಸರು Smart View. ಪಿಕ್ಸೆಲ್‌ನಂಥ ಕೆಲವು ಫೋನುಗಳಲ್ಲಿ ಮಿರಾಕಾಸ್ಟ್ ಇಲ್ಲವೇ ಇಲ್ಲ.

ಕೆಲಸ ಎರಡು, ಹಾಗಾಗಿ ಪದವೂ ಎರಡು ಬೇಕು. ‘ಪ್ರತಿಬಿಂಬಿಸಿ’ ಮಾತ್ರ ಬೇಡ. ಪ್ರೊಜೆಕ್ಟರನ್ನು ಸೂರಿಗೆ ತೂಗುಹಾಕಿದಾಗ, ಪರದೆಯ ಹಿಂದಿಟ್ಟಾಗ ಚಿತ್ರ ತಿರುಗಿಸುವ ಏರ್ಪಾಡು ಅದರ ಮೆನುವಿನಲ್ಲೇ ಇರುತ್ತದೆ. ಪ್ರತಿಬಿಂಬ ಎಂದು ಓದಿದವರೊಬ್ಬರು ಅಲ್ಲಿಗೆ ಹೋಗಿ ಬದಲಾಯಿಸಿದ್ದರು. ಅಕ್ಷರಗಳೆಲ್ಲ ಎಡ ಬಲ ಅದಲು ಬದಲಾಗಿದ್ದವು. ಕನ್ನಡಿ ಅಂದರೆ ನಮಗೆ ಮೊದಲು ಹೊಳೆಯುವುದೇ ಅದು, ಅಲ್ವಾ?

ಕಡೂರಿನವರೇ, ಕೇಬಲ್ ಕೆಟ್ಟಿರಲಿಕ್ಕಿಲ್ಲ. ಟೈಪ್-ಸಿ ಎಂಬುದು ಕಿಂಡಿಯ ಆಕಾರದ ಹೆಸರು. ಅದರಿಂದ ಚಿತ್ರ ಹೊರಗೆ ಬರುವ ಏರ್ಪಾಡು ಎಲ್ಲ ಫೋನುಗಳಲ್ಲೂ ಇರುವುದಿಲ್ಲ. ಚಾರ್ಜ್ ಆಗುವುದು, ಪೆನ್‌ಡ್ರೈವ್ ಓದುವುದು ಅದಕ್ಕೆ ಸಾಕ್ಷಿಯಲ್ಲ. ಫೋನಿನ ವಿವರಪಟ್ಟಿಯಲ್ಲಿ DisplayPort ಎಂದು ಇದೆಯೇ ನೋಡಿ. ಬರೀ USB 2.0 ಎಂದಿದ್ದರೆ ಆ ಕೇಬಲ್ ಸುಮ್ನೆ ದಂಡ. ಇನ್ನೊಂದು ಕೇಬಲ್ ಕೊಳ್ಳುವ ಮೊದಲು, ಚಿತ್ರ ಕೊಡುತ್ತದೆ ಎಂದು ಗೊತ್ತಿರುವ ಬೇರೆ ಫೋನಿಗೆ ಇದನ್ನೇ ಹಾಕಿ ನೋಡಿ.

ಆಲೂರಿನಿಂದ:

ಇವತ್ತು ಹಾಳೆ ಬದಲಾಯಿಸಿದೆ. ಆ್ಯಪಿನೊಳಗಿನದಕ್ಕೆ ‘ಬಿತ್ತರಿಸು’ ಉಳಿಸಿಕೊಂಡು, ಅದು ಇಲ್ಲಿ ನಡೆಯುವುದಿಲ್ಲ ಎಂದು ಬರೆದೆ. ನಮ್ಮ ಕೆಲಸಕ್ಕೆ ‘ಪರದೆ ತೋರಿಸಿ’ ಎಂದು ಹಾಕಿ, ಗುಂಡಿ ಎಲ್ಲಿದೆ ಎಂದು ಚಿತ್ರ ಬರೆದೆ. ಮೇಡಂ ಅದನ್ನು ನೋಡಿಕೊಂಡು ಒಬ್ಬರೇ ಸ್ಲೈಡ್ ತೋರಿಸಿದರು. ಅವರ ಫೋನಿನಲ್ಲಿ ಮಾತ್ರ ಚಿತ್ರ ಉದ್ದುದ್ದ ನಿಂತಿತ್ತು. ಪರದೆ ತಾನೇ ತಿರುಗುವುದನ್ನು ಆನ್ ಮಾಡಿ ಫೋನ್ ಅಡ್ಡ ಹಿಡಿದ ಮೇಲೆ ಸರಿಯಾಯಿತು.

ಆದರೆ ನಮ್ಮ ಅಟೆಂಡರ್ ಅಣ್ಣ ಇದಕ್ಕೆ ‘ಗೋಡೆಗೆ ಬಿಡೋದು’ ಅನ್ನುತ್ತಾರೆ. ಟೆಂಟ್‌ನಲ್ಲಿ ಪಿಚ್ಚರ್ ಬಿಡುತ್ತಾರೆ ಅನ್ನುತ್ತಿದ್ದೆವಲ್ಲ, ಹಾಗೆ. ನನಗೆ ಇದು ತುಂಬಾ ಹಿಡಿಸಿದೆ.

ಸಕಲೇಶಪುರದಿಂದ:

ತದ್ಭವದ ಮಾತು ಒಪ್ಪಿದೆ. ಆದರೆ ‘ಸಿನಿಮಾ ಬಿಡ್ತು’ ಅಂದರೆ ಆಟ ಮುಗಿದು ಜನ ಹೊರಗೆ ಬಂದರು ಅಂತಲೂ ಆಗುತ್ತದಲ್ಲ ಸಾರ್. ಹಾಳೆಯಲ್ಲಿ ‘ಬಿಡಿ’ ಎಂದು ಬರೆದರೆ ಶುರು ಮಾಡಬೇಕೋ ನಿಲ್ಲಿಸಬೇಕೋ?