ಏರಬಹುದು, ಇಳಿಯುವಂತಿಲ್ಲ: ಅಂಗಡಿ ಲೀಸಿನ ಬಾಡಿಗೆ ಪರಿಷ್ಕರಣೆ

ಪ್ರಶ್ನೆ

ಇಂಗ್ಲೆಂಡಿನಲ್ಲಿ ಅಂಗಡಿ ಇದೆ. 2016ರ ಸೆಪ್ಟೆಂಬರ್ 29ರಿಂದ 15 ವರ್ಷದ ಲೀಸ್. ಮೊದಲು ವರ್ಷಕ್ಕೆ 36,000 ಪೌಂಡ್ ಇತ್ತು, 2021ರ ಪರಿಷ್ಕರಣೆಯಲ್ಲಿ 42,000 ಆಯಿತು. 2026ರ ಪರಿಷ್ಕರಣೆಗೆ ಮಾಲೀಕರ ಸರ್ವೇಯರ್ 53,200 ಕೇಳಿ ನೋಟಿಸ್ ಕಳಿಸಿದ್ದಾರೆ. 28 ದಿನದೊಳಗೆ ಆಕ್ಷೇಪಿಸದಿದ್ದರೆ ಅದೇ ಬಾಡಿಗೆ ಅಂತ ಲೀಸಿನಲ್ಲಿದೆ. ಪಕ್ಕದ ಮಳಿಗೆ ಹೊಸದಾಗಿ 38,000ಕ್ಕೆ ಹೋಗಿದೆ, ಮೊದಲ ಒಂದು ವರ್ಷ ಅವರಿಗೆ ಬಾಡಿಗೆ ಇಲ್ಲವಂತೆ. ನಮ್ಮ ಹಿಂಭಾಗ ನಾವೇ ಕಟ್ಟಿಸಿದ್ದು. "ಏರಿಕೆ ಮಾತ್ರ" ಅಂತ ಷರತ್ತಿರುವಾಗ ವಾದ ಮಾಡಿ ಪ್ರಯೋಜನ ಇದೆಯಾ? ತಿಳಿದವರು ಹೇಳಿ.

ಬಾಡಿಗೆ ಪರಿಷ್ಕರಣೆಯ ಸರ್ವೇಯರ್

ಮೊದಲು ಆ 28 ದಿನ. ಪರಿಷ್ಕರಣೆಯ ಗಡುವು ಒಂದೆರಡು ದಿನ ತಪ್ಪಿದರೆ ಸಾಮಾನ್ಯವಾಗಿ ಹಕ್ಕು ಹೋಗುವುದಿಲ್ಲ, 1977ರಲ್ಲಿ ಹೌಸ್ ಆಫ್ ಲಾರ್ಡ್ಸ್ ಹಾಗೆ ತೀರ್ಪು ಕೊಟ್ಟಿದೆ. ಆದರೆ "ಆಕ್ಷೇಪಿಸದಿದ್ದರೆ ನೋಟಿಸಿನ ಮೊತ್ತವೇ ಬಾಡಿಗೆ" ಎಂಬ ಮಾತು ಲೀಸಿನಲ್ಲಿದ್ದರೆ ಆ ರಿಯಾಯಿತಿ ನಂಬಬೇಡಿ. ಅಂಥ ಷರತ್ತಿನಲ್ಲಿ ಗಡುವು ಕಟ್ಟುನಿಟ್ಟು ಎಂದು 2001ರಲ್ಲಿ ಅಪೀಲು ಕೋರ್ಟು ಹೇಳಿತು. ಒಂದು ದಿನ ತಡವಾದರೂ 53,200 ಖಾಯಂ ಆಗಬಹುದು.

ಆಕ್ಷೇಪಿಸಿ ನೀವು ಕಳಿಸುವ ಪ್ರತಿ ನೋಟಿಸಿನಲ್ಲಿ ಮಾತು ಸ್ಪಷ್ಟವಾಗಿರಬೇಕು: ನಿಮ್ಮ ಮೊತ್ತ ಒಪ್ಪುವುದಿಲ್ಲ, ಲೀಸಿನ ಇಂಥ ಷರತ್ತಿನ ಪ್ರಕಾರ ಇದು ನಮ್ಮ ಪ್ರತಿ ನೋಟಿಸ್. "ಸ್ವಲ್ಪ ಜಾಸ್ತಿಯಾಯಿತು, ಕೂತು ಮಾತಾಡೋಣ" ಅಂತ ಬರೆದರೆ ಅದು ಆಕ್ಷೇಪವೋ ಚೌಕಾಸಿಯೋ ಎಂಬ ಜಗಳವೇ ಶುರುವಾಗುತ್ತದೆ. ನಿಮ್ಮ ಮೊತ್ತವನ್ನೂ ಹೇಳಬೇಕು ಎಂದು ಕೆಲವು ಲೀಸುಗಳು ಕೇಳುತ್ತವೆ, ನೋಡಿಕೊಳ್ಳಿ. ನೋಟಿಸ್ ಯಾರಿಗೆ, ಯಾವ ವಿಳಾಸಕ್ಕೆ, ಯಾವ ರೀತಿ ತಲುಪಿಸಬೇಕು ಎಂದು ಲೀಸಿನಲ್ಲೇ ಬೇರೆ ಷರತ್ತು ಇರುತ್ತದೆ, ಹಾಗೇ ತಲುಪಿಸಿ. ಮಾಲೀಕರ ಸರ್ವೇಯರಿಗೆ ಇಮೇಲ್ ಹಾಕಿದರೆ ಸಾಕು ಅಂದುಕೊಂಡು ಸಿಕ್ಕಿಬಿದ್ದವರು ಬಹಳ.

ಇನ್ನು "ಏರಿಕೆ ಮಾತ್ರ". ಬಾಡಿಗೆ ಏರಲೇಬೇಕು ಅಂತ ಇದರ ಅರ್ಥವಲ್ಲ. ಎರಡು ಮೊತ್ತ ಪಕ್ಕಪಕ್ಕ ಇಟ್ಟು ಹೆಚ್ಚಿನದನ್ನು ತೆಗೆದುಕೊಳ್ಳುವುದು, ಅಷ್ಟೇ. ಒಂದು ಪರಿಷ್ಕರಣೆಯ ದಿನದ ಮಾರುಕಟ್ಟೆ ಬಾಡಿಗೆ, ಇನ್ನೊಂದು ಲೀಸು ಹಾಕಿರುವ ತಳಮಟ್ಟ. ಆ ತಳಮಟ್ಟ ಯಾವುದು ಎಂದು ಅಕ್ಷರ ಬಿಡದೆ ಓದಿ. "ಪರಿಷ್ಕರಣೆಗೆ ಮುಂಚೆ ಸಲ್ಲುತ್ತಿದ್ದ ಬಾಡಿಗೆ" ಎಂದಿದ್ದರೆ ನಿಮಗೆ ಅದು 42,000. "ಆರಂಭದ ಬಾಡಿಗೆ" ಎಂದಿದ್ದರೆ 36,000. ಮಾರುಕಟ್ಟೆ ಈಗ 38,000 ಅಂತ ಸಾಬೀತಾದರೆ ಮೊದಲನೆಯದರಲ್ಲಿ 42,000ಕ್ಕೇ ನಿಲ್ಲುತ್ತದೆ, ಎರಡನೆಯದರಲ್ಲಿ 38,000ಕ್ಕೆ ಇಳಿಯುತ್ತದೆ. ಎರಡನ್ನೂ ಜನ "ಏರಿಕೆ ಮಾತ್ರ" ಅಂತಲೇ ಕರೆಯುತ್ತಾರೆ.

ಅಂಗಡಿ ನಡೆಸುವವರು

ಹಿಂಭಾಗ ನೀವೇ ಕಟ್ಟಿಸಿದ್ದರೆ ಚಿಂತೆ ಬಿಡಿ. ಬಾಡಿಗೆದಾರ ಮಾಡಿಸಿದ ಕೆಲಸಕ್ಕೆ ಬಾಡಿಗೆ ಹಾಕುವಂತಿಲ್ಲ, 1954ರ ಮಾಲೀಕ-ಬಾಡಿಗೆದಾರ ಕಾಯ್ದೆಯಲ್ಲೇ ಇದೆ. ಆ ಜಾಗ ಬಿಟ್ಟು ಅಳೆಯಿರಿ ಅಂತ ಒಂದು ಸಾಲು ಬರೆದರೆ ಮುಗಿಯಿತು.

ಲೀಸ್ ವಕೀಲರು

ಅರ್ಧ ಸರಿ. ಆ ಕಾಯ್ದೆಯ 34ನೇ ಸೆಕ್ಷನ್ ಲೀಸು ಮುಗಿದು ನವೀಕರಣಕ್ಕೆ ಕೋರ್ಟಿಗೆ ಹೋದಾಗ ಅನ್ವಯವಾಗುವುದು. ಲೀಸು ನಡೆಯುತ್ತಿರುವಾಗಿನ ಪರಿಷ್ಕರಣೆಗೆ ಲೀಸಿನ ಮಾತೇ ಕಾನೂನು. ಬಾಡಿಗೆದಾರನ ಸುಧಾರಣೆ ಬಿಟ್ಟು ಲೆಕ್ಕ ಹಾಕಿ ಎಂದು ಲೀಸಿನಲ್ಲಿ ಬರೆದಿದ್ದರೆ ಮಾತ್ರ ರಕ್ಷಣೆ. ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ 1978ರ ಪೊನ್ಸ್‌ಫರ್ಡ್ ಮೊಕದ್ದಮೆ ಇದೆ. ಕಾರ್ಖಾನೆ ಸುಟ್ಟುಹೋಗಿ ಮತ್ತೆ ಕಟ್ಟುವಾಗ ಬಾಡಿಗೆದಾರ ಕಂಪನಿ ತನ್ನ ಹಣ ಹಾಕಿ ಸುಧಾರಣೆ ಮಾಡಿಸಿತ್ತು. ಷರತ್ತಿನಲ್ಲಿ "ಈ ಜಾಗಕ್ಕೆ ನ್ಯಾಯವಾದ ಬಾಡಿಗೆ" ಎಂದಷ್ಟೇ ಇದ್ದುದರಿಂದ ತಾನೇ ದುಡ್ಡು ಹಾಕಿದ್ದಕ್ಕೆ ತಾನೇ ಬಾಡಿಗೆ ಕೊಡಬೇಕಾಯಿತು.

ಷರತ್ತು ಇದ್ದರೂ ಎರಡು ಕಾಗದ ಹುಡುಕಿ. ಒಂದು, ಕಟ್ಟಲು ಮಾಲೀಕರು ಕೊಟ್ಟ ಒಪ್ಪಿಗೆ ಪತ್ರ. ಒಪ್ಪಿಗೆ ಇಲ್ಲದೆ ಕಟ್ಟಿದ್ದನ್ನು ಬಿಟ್ಟು ಲೆಕ್ಕ ಹಾಕಲು ಬಹಳಷ್ಟು ಲೀಸುಗಳಲ್ಲಿ ಅವಕಾಶವಿಲ್ಲ. ಎರಡು, ಆ ಪತ್ರದ ಒಕ್ಕಣೆ. "ಕಟ್ಟಿಕೊಳ್ಳಬಹುದು" ಎಂದಿದ್ದರೆ ಸರಿ. "ಬಾಡಿಗೆದಾರ ಈ ಕೆಲಸ ಮಾಡಿ ಮುಗಿಸತಕ್ಕದ್ದು" ಎಂದಿದ್ದರೆ, ಅದು ಮಾಲೀಕರಿಗೆ ಬದ್ಧನಾಗಿ ಮಾಡಿದ ಕೆಲಸ, ಸುಧಾರಣೆಯ ವಿನಾಯಿತಿ ಇದಕ್ಕಿಲ್ಲ ಎಂದು ಎದುರಿನವರು ವಾದಿಸುತ್ತಾರೆ. ಒಂದು ಕ್ರಿಯಾಪದದ ಮೇಲೆ ವರ್ಷಕ್ಕೆ ಸಾವಿರಾರು ಪೌಂಡ್ ನಿಂತಿರುತ್ತದೆ, ಸಹಿ ಹಾಕುವಾಗ ಯಾರೂ ಅದನ್ನು ನೋಡುವುದಿಲ್ಲ ಎಂಬುದೇ ಬೇಸರ.

ಇನ್ನೊಬ್ಬರು

ನಮ್ಮ ಗೋದಾಮಿಗೂ ಏರಿಕೆ ಮಾತ್ರ ಅಂತಲೇ ಇದೆ. ವರ್ಷವರ್ಷ ಆರ್‌ಪಿಐ, ಅಂದರೆ ಚಿಲ್ಲರೆ ಬೆಲೆಗಳ ಸೂಚ್ಯಂಕ, ಎಷ್ಟು ಏರಿತೋ ಅಷ್ಟು ಕೂಡಿಸುತ್ತಾರೆ. ನೋಟಿಸೂ ಇಲ್ಲ, ಸರ್ವೇಯರೂ ಇಲ್ಲ. ನೀವೂ ಆರ್‌ಪಿಐ ಅಂಕಿ ತೆಗೆದು ಗುಣಿಸಿ ನೋಡಿ, 53,200 ಜಾಸ್ತಿಯಾಯಿತೋ ಇಲ್ಲವೋ ಗೊತ್ತಾಗುತ್ತದೆ.

ಬಾಡಿಗೆ ಪರಿಷ್ಕರಣೆಯ ಸರ್ವೇಯರ್

ನಿಮ್ಮದು ಸೂಚ್ಯಂಕದ ಲೀಸು. ಅಲ್ಲಿ ವಾದಕ್ಕೆ ಎಡೆಯೇ ಇಲ್ಲ, ಗುಣಾಕಾರ ಅಷ್ಟೇ. ಇವರದು ಮಾರುಕಟ್ಟೆ ಬಾಡಿಗೆ. ಬೆಲೆಯೆಲ್ಲ ಏರಿದ್ದರೂ ಆ ಬೀದಿಯ ಬಾಡಿಗೆ ಬಿದ್ದಿರಬಹುದು. ಆರ್‌ಪಿಐ ಇಲ್ಲಿ ಸಾಕ್ಷಿಯಾಗುವುದಿಲ್ಲ.

ಪ್ರಶ್ನೆ ಕೇಳಿದವರೇ, ಎರಡೂ ಅಂಗಡಿಯ ಅಗಲ, ಆಳ ಹೇಳಿ.

ಪ್ರಶ್ನೆ ಕೇಳಿದವರು

ನಮ್ಮದು 6 ಮೀಟರ್ ಅಗಲ, 18.3 ಮೀಟರ್ ಆಳ. ಹಿಂದಿನ 6.1 ಮೀಟರ್ ನಾವು ಕಟ್ಟಿಸಿದ್ದು. ಪಕ್ಕದ್ದು 5 ಮೀಟರ್ ಅಗಲ, 12.2 ಆಳ, ಲೀಸು 10 ವರ್ಷಕ್ಕೆ, 5ನೇ ವರ್ಷ ಪರಿಷ್ಕರಣೆ. ನಮ್ಮ ತಳಮಟ್ಟ "ಪರಿಷ್ಕರಣೆಗೆ ಮುಂಚೆ ಸಲ್ಲುತ್ತಿದ್ದ ಬಾಡಿಗೆ". ಒಪ್ಪಿಗೆ ಪತ್ರ ಇದೆ, "ಕಟ್ಟಲು ಅನುಮತಿಸಲಾಗಿದೆ" ಎಂದಿದೆ. ಸುಧಾರಣೆ ಬಿಡಬೇಕು ಅಂತ ಲೀಸಿನಲ್ಲೂ ಇದೆ.

ಬಾಡಿಗೆ ಪರಿಷ್ಕರಣೆಯ ಸರ್ವೇಯರ್

ಹಾಗಾದರೆ ಅವರ 53,200 ಎಲ್ಲಿಂದ ಬಂತು ಎಂದು ಬಿಚ್ಚಿ ತೋರಿಸಬಹುದು.

ಅಂಗಡಿಯ ಜಾಗಕ್ಕೆ ಬೀದಿಗೆ ಹತ್ತಿರವಿದ್ದಷ್ಟೂ ಬೆಲೆ. ಅದಕ್ಕೆ ಮುಂಭಾಗದಿಂದ 6.1 ಮೀಟರಿನ ಪಟ್ಟಿಗಳಾಗಿ ಭಾಗ ಮಾಡುತ್ತಾರೆ. ಮೊದಲ ಪಟ್ಟಿ, ಅಂದರೆ ಝೋನ್ ಎ, ಪೂರ್ತಿ ಲೆಕ್ಕಕ್ಕೆ. ಎರಡನೆಯದು ಅರ್ಧ, ಮೂರನೆಯದು ಕಾಲು. ನಿಮ್ಮ ಒಂದೊಂದು ಪಟ್ಟಿ 36.6 ಚದರ ಮೀಟರ್. ಮೂರೂ ಸೇರಿಸಿದರೆ 36.6, 18.3, 9.15, ಒಟ್ಟು 64.05. ಪಕ್ಕದ್ದಕ್ಕೆ ಎರಡೇ ಪಟ್ಟಿ: 30.5 ಮತ್ತು 15.25, ಒಟ್ಟು 45.75. ಅವರು 38,000ವನ್ನು 45.75ರಿಂದ ಭಾಗಿಸಿ ಚದರ ಮೀಟರಿಗೆ ಸುಮಾರು 830 ಪೌಂಡ್ ತೆಗೆದು, ಅದನ್ನು ನಿಮ್ಮ 64.05ಕ್ಕೆ ಗುಣಿಸಿದ್ದಾರೆ. ಅದೇ 53,200.

ಇದರಲ್ಲಿ ಎರಡು ತಪ್ಪು ಕಾಣುತ್ತವೆ. ನೀವು ಕಟ್ಟಿಸಿದ ಮೂರನೇ ಪಟ್ಟಿ ಬಿಟ್ಟರೆ ನಿಮ್ಮದು 54.9 ಮಾತ್ರ. ಇದೊಂದನ್ನೇ ಸರಿಪಡಿಸಿದರೂ 45,600ಕ್ಕೆ ಇಳಿಯುತ್ತದೆ.

ಎರಡನೆಯದು ಆ ಬಾಡಿಗೆ ಇಲ್ಲದ ವರ್ಷ. 38,000 ಎಂಬುದು ಕಾಗದದ ಮೇಲಿನ ಬಾಡಿಗೆ. ಹೊಸ ಬಾಡಿಗೆದಾರನಿಗೆ ಅಂಗಡಿ ಸಜ್ಜು ಮಾಡಿಕೊಳ್ಳಲು ಸುಮಾರು 3 ತಿಂಗಳು ಯಾರಾದರೂ ಕೊಡುತ್ತಾರೆ. ಆ ಅವಧಿ ಮುಗಿದಿದೆ ಎಂದೇ ಭಾವಿಸಬೇಕು ಎಂದು ಹೆಚ್ಚಿನ ಲೀಸುಗಳು ಹೇಳುತ್ತವೆ, ಅದನ್ನು ಬಿಡಿ. ಉಳಿದ 9 ತಿಂಗಳು, ಕಾಗದದ ಬಾಡಿಗೆ ಎತ್ತರದಲ್ಲಿ ಕಾಣಲಿ ಅಂತ ಕೊಟ್ಟ ಆಮಿಷ. 5 ವರ್ಷದಲ್ಲಿ ಅವರು ನಿಜಕ್ಕೂ ಕೊಡುವುದು 4 ವರ್ಷದ ಬಾಡಿಗೆ, 1,52,000. ಸಜ್ಜಿನ 3 ತಿಂಗಳು ಕಳೆದು 4.75 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 32,000, ಚದರ ಮೀಟರಿಗೆ ಸುಮಾರು 700. ನಿಮ್ಮ 54.9ಕ್ಕೆ ಗುಣಿಸಿದರೆ 38,400 ಚಿಲ್ಲರೆ. ತಳಮಟ್ಟ 42,000 ಇರುವುದರಿಂದ 42,000ಕ್ಕೇ ನಿಲ್ಲುತ್ತದೆ. ಬಾಡಿಗೆ ಇಳಿಯುವುದಿಲ್ಲ, ಆದರೆ 2031ರವರೆಗೆ ವರ್ಷಕ್ಕೆ 11,200 ಪೌಂಡ್ ಉಳಿಯುತ್ತದೆ. ಪ್ರಯೋಜನ ಇದೆಯಾ ಅಂದಿರಲ್ಲ, ಇದೇ ಪ್ರಯೋಜನ.

ಲೀಸ್ ವಕೀಲರು

ಲೆಕ್ಕ ಸರಿ, ಆದರೆ ಒಂದು ತಕರಾರು. ಆ 9 ತಿಂಗಳನ್ನು 5 ವರ್ಷಕ್ಕೇ ಯಾಕೆ ಹಂಚಬೇಕು? ಅವರ ಲೀಸು 10 ವರ್ಷದ್ದು. 5ನೇ ವರ್ಷದ ಪರಿಷ್ಕರಣೆಯೂ ಏರಿಕೆ ಮಾತ್ರ ಆಗಿದ್ದರೆ ಆ 38,000 ತಳಮಟ್ಟವಾಗಿ ಕೊನೆವರೆಗೂ ಉಳಿಯುತ್ತದೆ, ಆದ್ದರಿಂದ 10 ವರ್ಷಕ್ಕೆ ಹಂಚಿ ಎಂದು ಮಾಲೀಕರ ಕಡೆಯವರು ಹೇಳುತ್ತಾರೆ. ಆಗ 3,42,000ವನ್ನು 9.75ಕ್ಕೆ ಭಾಗಿಸಬೇಕು, ಸುಮಾರು 35,080 ಬರುತ್ತದೆ. ನಿಮ್ಮ ಅಂಗಡಿಗೆ ಅದು 42,100ರ ಹತ್ತಿರ.

ಬಾಡಿಗೆ ಪರಿಷ್ಕರಣೆಯ ಸರ್ವೇಯರ್

ಮಾರುಕಟ್ಟೆ ಏರಿದರೆ 5ನೇ ವರ್ಷಕ್ಕೆ ಆ ಬಾಡಿಗೆ ಹೇಗೂ ಮಾರುಕಟ್ಟೆಗೆ ಬರುತ್ತದೆ, ಆಮಿಷದ ಪರಿಣಾಮ ಅಲ್ಲಿಗೆ ಮುಗಿಯಿತು ಎಂಬುದು ನನ್ನ ಕಡೆಯ ವಾದ. ನೀವು ಹೇಳಿದ್ದನ್ನು ಒಪ್ಪಿದ ಮಧ್ಯಸ್ಥಗಾರರೂ ಇದ್ದಾರೆ, ನಾನು ಹೇಳಿದ್ದನ್ನು ಒಪ್ಪಿದವರೂ ಇದ್ದಾರೆ. ಇವರ ಪುಣ್ಯಕ್ಕೆ ಹಿಂಭಾಗ ಬಿಟ್ಟರೆ ಎರಡರಲ್ಲೂ 42,000ರ ಆಸುಪಾಸೇ. ಹಿಂಭಾಗ ಸೇರಿದರೆ ಮಾತ್ರ ಒಂದರಲ್ಲಿ 44,800, ಇನ್ನೊಂದರಲ್ಲಿ 49,100. ಅದಕ್ಕೇ ಒಪ್ಪಿಗೆ ಪತ್ರವೇ ನಿಮ್ಮ ದೊಡ್ಡ ಆಸ್ತಿ. ಪಟ್ಟಿ ಎಳೆದ ಹಳೆಯ ನಕ್ಷೆ, ಬಿಲ್ಲು ಎಲ್ಲ ಅದರ ಜೊತೆಗಿಡಿ.

ಪಕ್ಕದ ಲೀಸಿನ ಪ್ರತಿ ತರಿಸಿ. 7 ವರ್ಷ ಮೀರಿದ ಲೀಸುಗಳನ್ನು ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನೋಂದಾಯಿಸಬೇಕು, ಪ್ರತಿ ಯಾರು ಬೇಕಾದರೂ ಕೇಳಬಹುದು. 5ನೇ ವರ್ಷಕ್ಕೆ ಬಿಟ್ಟುಹೋಗುವ ಹಕ್ಕು ಅವರಿಗಿದೆಯೇ ಎಂದು ನೋಡಿ. ಇದ್ದರೆ 10 ವರ್ಷಕ್ಕೆ ಹಂಚುವ ವಾದ ಬಹಳ ಸೊರಗುತ್ತದೆ. ಬಾಡಿಗೆ ಇಲ್ಲದ ಅವಧಿಯನ್ನು ಕೆಲವೊಮ್ಮೆ ಬೇರೆ ಪತ್ರದಲ್ಲಿ ಬರೆದಿರುತ್ತಾರೆ, ಲೀಸಿನಲ್ಲಿ ಕಾಣದಿದ್ದರೆ ಪಕ್ಕದವರನ್ನೇ ಕೇಳಿ.

ಅಂಗಡಿ ನಡೆಸುವವರು

ಏರಿಕೆ ಮಾತ್ರ ಅನ್ನೋದನ್ನೇ ಸರ್ಕಾರ ನಿಷೇಧಿಸುತ್ತದೆ ಅಂತ ಓದಿದ್ದೆ. ಸ್ವಲ್ಪ ಕಾದು ನೋಡಬಹುದಲ್ಲ?

ಲೀಸ್ ವಕೀಲರು

2025ರ ಜುಲೈ 10ರಂದು ಪಾರ್ಲಿಮೆಂಟಿನಲ್ಲಿ ಮಂಡಿಸಿದ ಮಸೂದೆ ಅದು, ಗುರಿ ಹೊಸ ಲೀಸುಗಳು. ಇವರ 2016ರ ಲೀಸಿಗೆ ಅದರಿಂದ ಉಪಯೋಗವಿಲ್ಲ. ಐರ್ಲೆಂಡಿನಲ್ಲೂ 2010ರ ಫೆಬ್ರವರಿ 28ರ ನಂತರದ ಲೀಸುಗಳಿಗಷ್ಟೇ ನಿಷೇಧ ಬಂತು, ಹಳೆಯವು ಹಾಗೇ ನಡೆದವು. ಇವರಿಗೆ ಇಳಿಕೆ ಸಿಗುವ ದಾರಿ 2031ರ ನವೀಕರಣ. 1954ರ ಕಾಯ್ದೆಯ ರಕ್ಷಣೆಯನ್ನು ಲೀಸಿನಲ್ಲಿ ಬಿಟ್ಟುಕೊಟ್ಟಿಲ್ಲವಾದರೆ ಆಗ ಹೊಸ ಬಾಡಿಗೆ ಮಾರುಕಟ್ಟೆಗೇ ನಿಗದಿಯಾಗುತ್ತದೆ, ಹಳೆಯ 42,000 ತಳಮಟ್ಟವಾಗಿ ಅಡ್ಡ ಬರುವುದಿಲ್ಲ.

ಅಲ್ಲಿಯವರೆಗೆ 42,000 ತಪ್ಪದೆ ಕಟ್ಟುತ್ತಾ ಇರಿ. ತೀರ್ಮಾನ ತಡವಾದರೆ, ಹೆಚ್ಚಾದ ಮೊತ್ತವನ್ನು ಪರಿಷ್ಕರಣೆಯ ದಿನದಿಂದ ಲೆಕ್ಕ ಹಾಕಿ, ಸಾಮಾನ್ಯವಾಗಿ ಬಡ್ಡಿಯೂ ಸೇರಿಸಿ ಕೇಳುತ್ತಾರೆ. ಮಾತುಕತೆ ಮುರಿದು ಮಧ್ಯಸ್ಥಗಾರರ ಹತ್ತಿರ ಹೋಗುವಂತಾದರೆ, ಅದಕ್ಕೆ ಮೊದಲೇ 42,000ಕ್ಕೆ ಒಪ್ಪುತ್ತೇವೆ ಎಂಬ ಕಾಲ್ಡರ್‌ಬ್ಯಾಂಕ್ ಪತ್ರ ಕಳಿಸಿಡಿ. ಬಾಡಿಗೆ ನಿಗದಿಯಾಗುವವರೆಗೆ ಮಧ್ಯಸ್ಥಗಾರರಿಗೆ ಅದನ್ನು ತೋರಿಸುವಂತಿಲ್ಲ, ಖರ್ಚು ಯಾರ ಮೇಲೆ ಎಂಬ ಹಂತದಲ್ಲಿ ತೋರಿಸಬಹುದು. 42,000ಕ್ಕೇ ತೀರ್ಮಾನವಾದರೆ ಪತ್ರ ತಲುಪಿದ ಮೇಲಿನ ಖರ್ಚನ್ನು ಮಾಲೀಕರ ಮೇಲೆ ಹಾಕಿ ಎಂದು ಕೇಳಲು ಅದೇ ಆಧಾರ.

ಪ್ರಶ್ನೆ ಕೇಳಿದವರು

ನೋಟಿಸ್ ಬಂದು ಇವತ್ತಿಗೆ 19 ದಿನ. ಪ್ರತಿ ನೋಟಿಸ್ ನಾಳೆಯೇ ರೆಕಾರ್ಡೆಡ್ ಅಂಚೆಯಲ್ಲಿ ಮಾಲೀಕರ ವಿಳಾಸಕ್ಕೆ ಹೋಗುತ್ತದೆ, ಸರ್ವೇಯರಿಗೆ ಇನ್ನೊಂದು ಪ್ರತಿ. ಪಕ್ಕದ ಲೀಸಿಗೆ ಅರ್ಜಿ ಹಾಕಿದ್ದೇನೆ. ಬಿಟ್ಟುಹೋಗುವ ಹಕ್ಕು ಇದೆಯೋ ಇಲ್ಲವೋ, ಸಿಕ್ಕ ತಕ್ಷಣ ಹೇಳುತ್ತೇನೆ.