ಒಂದು ರೂಮಿಗೆ 7,624 ಇಟ್ಟಿಗೆ, ಸಿಮೆಂಟ್ ಮಾತ್ರ ಸೊನ್ನೆ: ನನ್ನ ಶೀಟ್‌ನಲ್ಲಿ ಎಲ್ಲಿ ತಪ್ಪಿದೆ?

ಆಲೂರ್_ಹುಡುಗ

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆ, ಆಲೂರು ಹತ್ತಿರ ನಮ್ಮೂರು. ಮನೆ ಹಿತ್ತಲಲ್ಲಿ ಒಂದು ರೂಮ್ ಕಟ್ಟಿಸಬೇಕು. ಹಳೆ ಮನೆಗೆ ತಾಗಿಸುತ್ತಿಲ್ಲ, ನಾಲ್ಕೂ ಗೋಡೆ ಹೊಸದು. ಒಳಗಳತೆ 12 ಅಡಿ ಉದ್ದ, 10 ಅಡಿ ಅಗಲ, ಎತ್ತರ 10 ಅಡಿ, ಒಂಬತ್ತು ಇಂಚಿನ ಗೋಡೆ. ಒಂದು ಬಾಗಿಲು ಮೂರೂವರೆ ಅಡಿಗೆ ಏಳು ಅಡಿ, ಎರಡು ಕಿಟಕಿ ನಾಲ್ಕಕ್ಕೆ ನಾಲ್ಕು.

ಅಳತೆ ಹಾಕಿದರೆ ಇಟ್ಟಿಗೆ, ಸಿಮೆಂಟ್, ಮರಳು, ದುಡ್ಡು ಎಲ್ಲ ತಾನೇ ಬರಲಿ ಅಂತ ಒಂದು ಶೀಟ್ ಮಾಡಿದೆ. ಹೊರಗಿನ ಸುತ್ತಳತೆ 50 ಅಡಿ, ಅದಕ್ಕೆ ಎತ್ತರ, ಅದಕ್ಕೆ ಮುಕ್ಕಾಲು ಅಡಿ ಗುಣಿಸಿ 375 ಘನ ಅಡಿ ಬಂತು. ಅದನ್ನು ಘನ ಇಂಚು ಮಾಡಿ, 8.5 ಇಂಚು ಉದ್ದ, 4 ಅಗಲ, 2.75 ಎತ್ತರದ ಒಂದು ಇಟ್ಟಿಗೆಯ ಗಾತ್ರದಿಂದ ಭಾಗಿಸಿ ವೇಸ್ಟೇಜ್ ಅಂತ ಹತ್ತು ಪರ್ಸೆಂಟ್ ಸೇರಿಸಿದೆ:

```
=ROUNDUP(375*1728/(8.5*4*2.75)*1.1,0)
```

7,624 ಬಂತು. ಗೋಡೆಯ ಗಾತ್ರದಲ್ಲಿ ಇಟ್ಟಿಗೆಯ ಗಾತ್ರ ಕಳೆದರೆ ಉಳಿಯೋದೇ ಗಾರೆ ಅಲ್ವಾ, ಹಾಗೆ ಹಾಕಿದರೆ ಸಿಮೆಂಟ್ ಸೊನ್ನೆ ಮೂಟೆ, ಮರಳೂ ಸೊನ್ನೆ! ಇಟ್ಟಿಗೆಗೆ 9 ರೂಪಾಯಿ ರೇಟ್ ಹೇಳಿದ್ದಾರೆ. ಕೊನೆಗೆ ದುಡ್ಡಿನ ಮೇಲೂ ಹತ್ತು ಪರ್ಸೆಂಟ್ ಹಾಕಿದ್ದೇನೆ, ಬರೀ ಇಟ್ಟಿಗೆಗೇ 75,478 ರೂಪಾಯಿ ತೋರಿಸುತ್ತಿದೆ. ನಮ್ಮ ಮೇಸ್ತ್ರಿ ಮಾತ್ರ ಜಾಗ ನೋಡಿ, ಬೀಡಿ ಹಚ್ಚಿಕೊಂಡು, "ನಾಲ್ಕು ಸಾವಿರ ತರಿಸಿ ಸಾಕು" ಅಂದುಬಿಟ್ಟರು. ಯಾರನ್ನು ನಂಬೋದು?

ಫಾರ್ಮುಲಾ_ಪ್ರಕಾಶ

ಬಾಗಿಲು ಕಿಟಕಿ ಕಳೆದೇ ಇಲ್ಲವಲ್ಲ ಗುರು. ಅದನ್ನು ಕಳೆದು, ಬಂದ ಗಾತ್ರವನ್ನು ಘನ ಮೀಟರ್ ಮಾಡಿ 500 ರಿಂದ ಗುಣಿಸಿ. ಒಂದು ಘನ ಮೀಟರ್ ಗೋಡೆಗೆ 500 ಇಟ್ಟಿಗೆ, ಇದು ಎಲ್ಲ ಕಡೆ ಇರೋ ಲೆಕ್ಕ. ವೇಸ್ಟೇಜ್ ಮಾತ್ರ 15 ಇಡಿ, ಸೇಫ್.

ಮೂಡಿಗೆರೆ_ಕಾಫಿ

ಇಟ್ಟಿಗೆ ಯಾಕೆ ಮಾರಾಯ್ರೆ? ನಮ್ಮ ತೋಟದಲ್ಲಿ ಲೈನ್ ಮನೆಗೆ ಸಾಲಿಡ್ ಬ್ಲಾಕ್ ಹಾಕಿಸಿದೆವು, ಹದಿನಾರು ಎಂಟು ಆರರದ್ದು. ಚದರ ಅಡಿಗೆ ಒಂದು ಚಿಲ್ಲರೆ ಬ್ಲಾಕ್ ಅಷ್ಟೆ. ಶೀಟೂ ಬೇಡ ಗೀಟೂ ಬೇಡ. ಅಂದ ಹಾಗೆ ಮೇಲೆ ಮೋಲ್ಡ್ ಹಾಕೋಕೆ ಎಷ್ಟು ಮೂಟೆ ಅಂತ ಲೆಕ್ಕ ಮಾಡಿದ್ದೀರಾ? ನಮಗೆ ಅಲ್ಲೇ ಕೈ ಸುಟ್ಟಿದ್ದು.

ಆಲೂರ್_ಹುಡುಗ

ಮೋಲ್ಡ್ ಆಮೇಲೆ ಸರ್, ಮೊದಲು ಗೋಡೆ ಮುಗಿಯಲಿ. ಬ್ಲಾಕ್ ಬೇಡ ಅಂತ ಅಪ್ಪ ಹಠ ಹಿಡಿದಿದ್ದಾರೆ.

ಮಟ್ಟಗೋಲು

ನಿಮ್ಮ ಶೀಟ್ ಸೊನ್ನೆ ತೋರಿಸಿದ್ದು ಒಳ್ಳೆಯದೇ ಆಯಿತು. ತಪ್ಪು ಎಲ್ಲಿದೆ ಅಂತ ಅದೇ ಹೇಳುತ್ತಿದೆ. ಗೋಡೆಯ ಗಾತ್ರವನ್ನು ಬರೀ ಇಟ್ಟಿಗೆಯ ಗಾತ್ರದಿಂದ ಭಾಗಿಸಿದರೆ ಸಂದೇ ಇಲ್ಲದೆ ಇಟ್ಟಿಗೆ ತುರುಕಿದ ಹಾಗೆ. ಗಾರೆ ಕೂರುವ ಜಾಗಕ್ಕೂ ಇಟ್ಟಿಗೆ ಹಾಕಿದ್ದೀರಿ. ಆಮೇಲೆ ಅದನ್ನೇ ಕಳೆದರೆ ಏನು ಉಳಿಯುತ್ತದೆ?

ಎರಡನೇದು ಮೂಲೆ. ಹೊರಗಿನ ಸುತ್ತಳತೆ ಹಿಡಿದರೆ ನಾಲ್ಕೂ ಮೂಲೆ ಎರಡೆರಡು ಸಲ ಲೆಕ್ಕಕ್ಕೆ ಬರುತ್ತದೆ. ಗೋಡೆಯ ನಡು ಗೆರೆ ಹಿಡಿಯಿರಿ. 12 ಮತ್ತು 10 ಕ್ಕೆ ತಲಾ ಮುಕ್ಕಾಲು ಅಡಿ ಸೇರಿಸಿ ಎರಡರಿಂದ ಗುಣಿಸಿದರೆ 47 ಅಡಿ. ಮೂರು ಅಡಿ ಗೋಡೆ ಅಲ್ಲೇ ಹೋಯಿತು.

ನಾನು ಇಟ್ಟಿಗೆಗೆ ಘನ ಅಡಿ ಲೆಕ್ಕ ಮಾಡೋದೇ ಇಲ್ಲ, ಗೋಡೆಯ ಮುಖದ ಚದರ ಅಡಿ ಹಿಡಿಯುತ್ತೇನೆ. ಮುಖ 470 ಚದರ ಅಡಿ. ಬಾಗಿಲು ಕಿಟಕಿ ಸೇರಿ 56.5 ಹೋಯಿತು. ನಿಮ್ಮ ಕಡೆ ಬಾಗಿಲು ಕಿಟಕಿ ಮೇಲೆ ಕಾಂಕ್ರೀಟಿನ ಲಿಂಟಲ್ ಬ್ಯಾಂಡ್ ಸುತ್ತಲೂ ಆರು ಇಂಚು ಹಾಕುತ್ತಾರೆ ಅಂದುಕೊಂಡಿದ್ದೇನೆ, ಅದು 23.5. ಉಳಿದದ್ದು 390 ಚದರ ಅಡಿ.

ಈಗ ನಿಮ್ಮ ಇಟ್ಟಿಗೆಗೆ ಅರ್ಧ ಇಂಚು ಸಂದು ಸೇರಿಸಿ. ಮುಖದಲ್ಲಿ ಒಂದು ಇಟ್ಟಿಗೆ 9 ಇಂಚು ಉದ್ದ, 3.25 ಇಂಚು ಎತ್ತರ ಜಾಗ ತಿನ್ನುತ್ತದೆ. ಗೋಡೆಯ ದಪ್ಪಕ್ಕೆ ಎರಡು ಇಟ್ಟಿಗೆ. ಹೀಗೆ ಚದರ ಅಡಿಗೆ 9.85 ಬರುತ್ತದೆ. "ಚದರ ಅಡಿಗೆ ಹತ್ತು" ಅಂತ ಹಳೆ ಮೇಸ್ತ್ರಿಗಳು ಬಾಯಲ್ಲೇ ಹೇಳೋದು ಇದನ್ನೇ. 390 ಕ್ಕೆ 3,840, ಐದು ಪರ್ಸೆಂಟ್ ಸೇರಿಸಿದರೆ 4,032. ನಿಮ್ಮ ಮೇಸ್ತ್ರಿ ಬೀಡಿ ಹಚ್ಚಿಕೊಂಡೇ ಮಾಡಿದ್ದಾರೆ ನೋಡಿ.

ಇನ್ನೊಂದು ಮಾತು. ಒಂಬತ್ತು ಇಂಚಿನ ಗೋಡೆ ಅಂತ ಕರೆಯುತ್ತೇವೆ, ಆದರೆ ಈ ಇಟ್ಟಿಗೆಯಲ್ಲಿ ಪ್ಲಾಸ್ಟರ್ ಇಲ್ಲದ ಗೋಡೆ ಎಂಟೂವರೆಯೇ: ನಾಲ್ಕು, ಅರ್ಧ ಸಂದು, ಮತ್ತೆ ನಾಲ್ಕು. ಗಾರೆ ಲೆಕ್ಕಕ್ಕೆ ಇದನ್ನೇ ಹಾಕಬೇಕು. ಒಂಬತ್ತು ಹಾಕಿದರೆ ಇಲ್ಲದ ಅರ್ಧ ಇಂಚಿಗೂ ಸಿಮೆಂಟ್ ತರುತ್ತೀರಿ.

ಫಾರ್ಮುಲಾ_ಪ್ರಕಾಶ

ನಿಮ್ಮ 390 ಚದರ ಅಡಿ, ಮುಕ್ಕಾಲು ಅಡಿ ದಪ್ಪ ಹಿಡಿದರೆ ನನ್ನ 500 ರ ಲೆಕ್ಕದಲ್ಲೂ ವೇಸ್ಟೇಜ್ ಬಿಟ್ಟು 4,141 ಬರುತ್ತದೆ ಸರ್. ಹೆಚ್ಚುಕಮ್ಮಿ ಒಂದೇ ಆಯಿತಲ್ಲ?

ಮಟ್ಟಗೋಲು

ಅದು ಅದೃಷ್ಟ ತಮ್ಮ. 500 ಅನ್ನೋದು 19 ಸೆಂಟಿಮೀಟರ್ ಉದ್ದ, 9 ಅಗಲ, 9 ಎತ್ತರದ ಇಟ್ಟಿಗೆಗೆ. ಅದರಲ್ಲಿ ಕಟ್ಟಿದರೆ ಗೋಡೆ 19 ಸೆಂಟಿಮೀಟರ್ ಆಗುತ್ತದೆ, ಒಂಬತ್ತು ಇಂಚು ಆಗೋದೇ ಇಲ್ಲ. ನೀವು ಆ ಇಟ್ಟಿಗೆಯ ಎಣಿಕೆಯನ್ನು ಈ ಗೋಡೆಯ ದಪ್ಪಕ್ಕೆ ಗುಣಿಸಿದ್ದೀರಿ. ಎರಡು ತಪ್ಪು ಒಂದನ್ನೊಂದು ಮುಚ್ಚಿಕೊಂಡಿವೆ. ಬಾಗಿಲು ಕಿಟಕಿ ಕಳೆಯಬೇಕು ಅಂದಿದ್ದು ಮಾತ್ರ ಸರಿ.

ಆಲೂರ್_ಹುಡುಗ

ಅಣ್ಣ, ತುಂಬಾ ಉಪಕಾರ ಆಯಿತು. ಅಂಗಳದಲ್ಲಿ ಹತ್ತು ಇಟ್ಟಿಗೆ ಉದ್ದಕ್ಕೆ ಜೋಡಿಸಿ ಟೇಪ್ ಹಿಡಿದೆ, 85 ಇಂಚು. ಎಂಟೂವರೆ ಸರಿ ಇದೆ. ಸಿಮೆಂಟ್ ಮರಳು ಸೇರಿಸಿ ಶೀಟ್ ಹೀಗೆ ತಿದ್ದಿದ್ದೇನೆ. B2 ರಿಂದ B4 ಉದ್ದ ಅಗಲ ಎತ್ತರ, B5 ರಲ್ಲಿ 0.75, B6 ಬಾಗಿಲು ಕಿಟಕಿ, B9 ಸಂದು ಇಂಚಿನಲ್ಲಿ. ಗಾರೆ ಒಂದಕ್ಕೆ ಆರು.

```
B7:  =2*(B2+B3+2*B5)
B8:  =B7*B4-B6-B7*0.5
B10: =B8*288/((8.5+B9)*(2.75+B9))
B11: =ROUNDUP(B10*1.05,0)
B12: =B8*(8+B9)/12-B10*93.5/1728
B13: =ROUNDUP(B12*1.33/7/1.225*1.1,0)
B14: =B12*1.33*6/7*1.1
```

ಗಾರೆ 68.5 ಘನ ಅಡಿ, ಸಿಮೆಂಟ್ 12 ಮೂಟೆ, ಮರಳು 86 ಘನ ಅಡಿ. ಮೂಟೆಗೆ 400 ಅಂತ ಹಿಡಿದು, ಎಂ ಸ್ಯಾಂಡ್ ಟನ್ನಿಗೆ 1,200 ಅಂದಿದ್ದಾರೆ, ನಾಲ್ಕು ಟನ್ ಹಾಕಿದರೆ ಒಟ್ಟು 45,888 ರೂಪಾಯಿ. ಕೂಲಿ, ಪಾಯ, ಪ್ಲಾಸ್ಟರ್ ಇದರಲ್ಲಿ ಇಲ್ಲ. ಕೊನೆಗೆ ಹಾಕಿದ್ದ ಹತ್ತು ಪರ್ಸೆಂಟ್ ತೆಗೆದುಬಿಟ್ಟೆ. ಸರಿನಾ?

ಮಟ್ಟಗೋಲು

ಸರಿ ಇದೆ. ಪ್ರತಿ ಸಾಮಾನಿಗೆ ವೇಸ್ಟೇಜ್ ಹಾಕಿದ ಮೇಲೆ ದುಡ್ಡಿಗೂ ಹಾಕಿದರೆ ವೇಸ್ಟೇಜಿಗೂ ವೇಸ್ಟೇಜ್ ಆಗುತ್ತದೆ. 1.33 ಯಾಕೆ ಅಂತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ: ಒಣ ಮರಳು, ಸಿಮೆಂಟ್‌ಗೆ ನೀರು ಬಿದ್ದು ಕಲಸಿದಾಗ ಕುಗ್ಗುತ್ತದೆ, ಅದಕ್ಕೆ ಒಣಗಿದ್ದನ್ನು ಮೂರನೇ ಒಂದು ಭಾಗ ಜಾಸ್ತಿ ಹಿಡಿಯಬೇಕು. 1.225 ಅಂದರೆ ಐವತ್ತು ಕೆಜಿ ಮೂಟೆಯ ಘನ ಅಡಿ.

ಮರಳಿನಲ್ಲಿ ಒಂದು ಎಚ್ಚರ. ಒಂದು ಘನ ಅಡಿ ಎಂ ಸ್ಯಾಂಡ್ ಸುಮಾರು 45 ಕೆಜಿ, 86 ಕ್ಕೆ ನಾಲ್ಕು ಟನ್‌ಗೆ ಸ್ವಲ್ಪ ಕಮ್ಮಿ. ಅದು ಒಣಗಿದ್ದಾಗ. ನಿಮ್ಮ ಕಡೆ ಮಳೆ ಹಿಡಿದರೆ ಬಿಡೋದಿಲ್ಲ. ಒದ್ದೆ ಮರಳು ಉಬ್ಬುತ್ತದೆ, ಕೆಲವು ಸಲ ಕಾಲು ಭಾಗದಷ್ಟು. ಟಿಪ್ಪರ್ ಅಳತೆಯಲ್ಲಿ ಕೊಂಡರೆ ಗಾಳಿಗೆ ದುಡ್ಡು, ತೂಕದಲ್ಲಿ ಕೊಂಡರೆ ನೀರಿಗೆ ದುಡ್ಡು. ಬಕೆಟ್‌ನಲ್ಲಿ ಮುಕ್ಕಾಲು ಒದ್ದೆ ಮರಳು ಸುಮ್ನೆ ಸುರಿದು ಎತ್ತರ ಅಳೆಯಿರಿ. ತೆಗೆದು, ಅರ್ಧ ಬಕೆಟ್ ನೀರಿಗೆ ಅದೇ ಮರಳು ಹಾಕಿ ಕೋಲಿನಿಂದ ಕುಟ್ಟಿ ಮತ್ತೆ ಅಳೆಯಿರಿ. 10 ಇಂಚು ಇದ್ದದ್ದು 8 ಕ್ಕೆ ಇಳಿದರೆ ಕಾಲು ಭಾಗ ಉಬ್ಬಿತ್ತು ಅಂತ ಅರ್ಥ. ಅಂಥ ಮರಳನ್ನು ಬಾಂಡ್ಲಿ ಲೆಕ್ಕದಲ್ಲಿ ಒಂದಕ್ಕೆ ಆರು ಕಲಸಿದರೆ ನಿಜಕ್ಕೂ ಬೀಳೋದು ಐದಕ್ಕಿಂತ ಕಮ್ಮಿ. ಗಾರೆಗೆ ಏನೂ ತೊಂದರೆ ಇಲ್ಲ, ಸಿಮೆಂಟ್ ಮಾತ್ರ ಬೇಗ ಖಾಲಿ. ಆಮೇಲೆ ಮೂಟೆ ಕದ್ದರು ಅಂತ ಮೇಸ್ತ್ರಿ ಜೊತೆ ಜಗಳ.

ಬೇಲೂರ್_ಕಂಟ್ರಾಕ್ಟರ್

ಲೆಕ್ಕ ಚೆನ್ನಾಗಿದೆ, ಆದರೆ ಐದು ಪರ್ಸೆಂಟ್ ಸಾಲದು. ಟೇಬಲ್ ಮೋಲ್ಡ್ ಇಟ್ಟಿಗೆ ಕಚ್ಚಾ ರಸ್ತೆಯಲ್ಲಿ ಬಂದು ಇಳಿಯೋ ಹೊತ್ತಿಗೆ ನೂರಕ್ಕೆ ಏಳೆಂಟು ಮುರಿದಿರುತ್ತದೆ. ನಾನು ಹತ್ತೇ ಹಾಕೋದು. ಕೊನೆಗೆ ಇನ್ನೂರು ಇಟ್ಟಿಗೆ ಕಮ್ಮಿ ಬಿದ್ದರೆ ಇನ್ನೂರಕ್ಕೆ ಯಾವ ಲಾರಿ ಬರುತ್ತದೆ? ಬಂದರೂ ಬಾಡಿಗೆಯೇ ಇಟ್ಟಿಗೆಗಿಂತ ಜಾಸ್ತಿ.

ಮಟ್ಟಗೋಲು

ಮುರಿದದ್ದೆಲ್ಲ ವೇಸ್ಟ್ ಅಲ್ಲ. ಮೂಲೆಗೆ, ಬಾಗಿಲ ಪಕ್ಕಕ್ಕೆ ಹೇಗೂ ಅರ್ಧ ಇಟ್ಟಿಗೆ ಬೇಕು, ಇಲ್ಲದಿದ್ದರೆ ಒಳ್ಳೆ ಇಟ್ಟಿಗೆಯನ್ನೇ ಒಡೆಯುತ್ತಾರೆ. ಪುಡಿಯಾದದ್ದು ಮಾತ್ರ ವೇಸ್ಟ್. ರಸ್ತೆ ಕೆಟ್ಟಿದ್ದರೆ ಹತ್ತು ಹಾಕಿ, ನನ್ನ ತಕರಾರಿಲ್ಲ. ಆದರೆ ಈ ಹುಡುಗ ನೋಡಬೇಕಾದ್ದು ಅದಲ್ಲ, B9. ಸಂದು ಅರ್ಧ ಇಂಚಿನಿಂದ ಮುಕ್ಕಾಲು ಮಾಡಿ ನೋಡಲಿ.

ಆಲೂರ್_ಹುಡುಗ

ಮಾಡಿದೆ. ಅಯ್ಯೋ. ವೇಸ್ಟೇಜ್ ಬಿಟ್ಟು ಹೇಳುವುದಾದರೆ ಇಟ್ಟಿಗೆ 3,840 ರಿಂದ 3,469 ಕ್ಕೆ ಇಳಿಯಿತು, ಸಿಮೆಂಟ್ ಹತ್ತೂವರೆ ಚಿಲ್ಲರೆಯಿಂದ 15 ಮೂಟೆಗೆ ಏರಿತು. ಕಾಲು ಇಂಚಿಗೆ ಇಷ್ಟಾ?

ಮಟ್ಟಗೋಲು

ಇಷ್ಟೇ. ಅದಕ್ಕೇ ಗೋಡೆ ಶುರುವಾದ ಮೇಲೆ ನಾಲ್ಕು ವರಸೆ ಎದ್ದ ತಕ್ಷಣ ಟೇಪ್ ಹಿಡಿಯಿರಿ. 13 ಇಂಚು ಇದ್ದರೆ ಸಂದು ಅರ್ಧ ಇಂಚು.

ಮೂಡಿಗೆರೆ_ಕಾಫಿ

ಬ್ಲಾಕ್‌ನಲ್ಲಿ ಈ ತಲೆನೋವೇ ಇಲ್ಲ ಅಂತ ಆಗಲೇ ಹೇಳಿದೆ 🙂

ಆಲೂರ್_ಹುಡುಗ

ಎರಡು ವಾರ ಆಯಿತು, ಅಪ್‌ಡೇಟ್ ಕೊಡುತ್ತೇನೆ. 4,100 ತರಿಸಿದೆ, ಪುಡಿಯಾದದ್ದು ಎಣಿಸಿದರೆ ನೂರೂ ಇಲ್ಲ. ಗೋಡೆ ನಿನ್ನೆ ಶುರು. ನಾಲ್ಕು ವರಸೆ 13 ಅಲ್ಲ, 13 ಮುಕ್ಕಾಲು ಇಂಚು ಇದೆ. ಸಂದು 0.69 ಹಾಕಿದರೆ ಶೀಟ್ 16 ಮೂಟೆ ಸಿಮೆಂಟ್ ಕೇಳುತ್ತಿದೆ, ಇಟ್ಟಿಗೆ ಮುನ್ನೂರಕ್ಕೂ ಜಾಸ್ತಿ ಮಿಗುತ್ತದೆ. ಮೇಸ್ತ್ರಿಯನ್ನು ಕೇಳಿದರೆ ಇಟ್ಟಿಗೆ ಸೊಟ್ಟ ಇದೆ, ಸಂದು ದಪ್ಪ ಬಿಡದೆ ಮಟ್ಟ ಬರೋದಿಲ್ಲ ಅಂತಾರೆ. ಹತ್ತಿಪ್ಪತ್ತು ಇಟ್ಟಿಗೆ ಕೈಯಲ್ಲಿ ಹಿಡಿದು ನೋಡಿದೆ, ಕೆಲವು ನಿಜಕ್ಕೂ ಬಾಗಿವೆ, ಎಲ್ಲವೂ ಅಲ್ಲ.

ಬೇಲೂರ್_ಕಂಟ್ರಾಕ್ಟರ್

ಮೇಸ್ತ್ರಿ ಹೇಳಿದ್ದು ಸರಿ ಇರಬಹುದು. ಬಿಡಿ, ಮಟ್ಟ ಮುಖ್ಯ.

ಮಟ್ಟಗೋಲು

ಬಾಗಿದ್ದನ್ನು ಬೇರೆ ರಾಶಿ ಹಾಕಿಸಿ, ಒಳ್ಳೆಯದರಲ್ಲಿ ನಾಲ್ಕು ವರಸೆ ಕಟ್ಟಿಸಿ ಮತ್ತೆ ಅಳೆಯಿರಿ. ಆಗಲೂ 13 ಮುಕ್ಕಾಲೇ ಬಂದರೆ ಅದು ಇಟ್ಟಿಗೆಯದ್ದಲ್ಲ, ಕೈಯದ್ದು. ಅಲ್ಲಿಯವರೆಗೆ ನಾಲ್ಕು ಮೂಟೆ ಜಾಸ್ತಿ ತರಿಸಿ ನೆಲಕ್ಕೆ ತಾಗದ ಹಾಗೆ ಹಲಗೆ ಮೇಲೆ ಇಡಿ, ಮಳೆ ಬರೋ ಹಾಗಿದೆ.