‘ಹತ್ತು ಮೇಲ್ಪಟ್ಟು’ ಅಂದರೆ ಹತ್ತು ಸೇರುತ್ತದೆಯೇ?

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಲೇತ್ ವರ್ಕ್‌ಶಾಪಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನನ್ನನ್ನೂ ಸೇರಿಸಿ ಸಂಬಳದ ಪಟ್ಟಿಯಲ್ಲಿ ಒಂಬತ್ತು ಜನ. ಮುಂದಿನ ತಿಂಗಳು ಒಬ್ಬ ವೆಲ್ಡರ್ ಸೇರುತ್ತಾರೆ. ಇಎಸ್‌ಐ ಬಗ್ಗೆ ಕನ್ನಡದಲ್ಲಿ ಒಂದು ಸೂಚನೆ ಬರೆದು ಬೋರ್ಡಿಗೆ ಹಾಕಬೇಕು. ‘ಹತ್ತು ಮೇಲ್ಪಟ್ಟು ಕೆಲಸಗಾರರಿದ್ದರೆ’ ಎಂದು ಬರೆದೆ. ನಮ್ಮ ಮಾಲೀಕರು ಅದನ್ನು ಓದಿ, ‘ಹಾಗಾದರೆ ಹನ್ನೊಂದನೆಯವರು ಬಂದಾಗ ನೋಡೋಣ’ ಅಂದರು. ಟರ್ನರ್ ಒಬ್ಬರು, ‘ಹತ್ತನೆಯವನಿಗೆ ಮಾತ್ರ ಇಎಸ್‌ಐ ಬರುತ್ತಾ ಮೇಡಂ?’ ಎಂದು ಕೇಳಿದರು. ಯಾರಿಗೂ ತಪ್ಪು ತಿಳಿಯದ ಹಾಗೆ ಹೇಗೆ ಬರೆಯಲಿ?

ಉತ್ತರ, ಮಂಡ್ಯದ ತೂಬಿನಕೆರೆಯಿಂದ

ನಾವು ಮಾತಿನಲ್ಲಿ ‘ಹತ್ತು ದಾಟಿದರೆ ಇಎಸ್‌ಐ, ಇಪ್ಪತ್ತು ದಾಟಿದರೆ ಪಿಎಫ್’ ಅಂತಲೇ ಹೇಳೋದು. ಹಾಗೇ ಬರೆಯಿರಿ. ಭಯವೇನೂ ಬೇಡ. ಯಾರಾದರೂ ಕೆಲಸ ಬಿಟ್ಟು ಒಂಬತ್ತಕ್ಕೆ ಇಳಿದರೆ ಕಟ್ಟುವುದನ್ನು ನಿಲ್ಲಿಸಬಹುದು.

ಉತ್ತರ, ಮೈಸೂರಿನಿಂದ, ಕಾರ್ಮಿಕ ಕಾನೂನಿನ ಕೆಲಸದಿಂದ ನಿವೃತ್ತರು

ಸಂಖ್ಯೆ ಎರಡೂ ಸರಿ, ಆದರೆ ‘ದಾಟಿದರೆ’ ಬೇಡ. ಹತ್ತನ್ನು ದಾಟುವುದು ಅಂದರೆ ಹನ್ನೊಂದು. ಕಾನೂನು ಹೇಳುವುದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಎಂದು. ನಿಮ್ಮ ವೆಲ್ಡರ್ ಸೇರಿದ ದಿನದಿಂದಲೇ ಇಎಸ್‌ಐ ಹೊಣೆ ಶುರು. ‘ಮೇಲ್ಪಟ್ಟು’ ಎಂಬುದನ್ನು ಕೆಲವರು ಹತ್ತನ್ನು ಸೇರಿಸಿ ಓದುತ್ತಾರೆ, ಕೆಲವರು ಬಿಟ್ಟು ಓದುತ್ತಾರೆ. ಅದಕ್ಕೇ ‘ಕನಿಷ್ಠ ಹತ್ತು ಜನ’ ಎಂದು ಬರೆಯಿರಿ.

ಇನ್ನು, ಒಮ್ಮೆ ಒಳಗೆ ಬಂದ ಮೇಲೆ ತಲೆ ಕಡಿಮೆಯಾಯಿತು ಅಂತ ಹೊರಗೆ ಹೋಗಲು ಆಗುವುದಿಲ್ಲ. ತೂಬಿನಕೆರೆಯ ಗೆಳೆಯರು ಇದನ್ನು ದಯವಿಟ್ಟು ಗಮನಿಸಬೇಕು. ಒಂಬತ್ತಾಯಿತೆಂದು ನಿಲ್ಲಿಸಿದರೆ ಬಾಕಿ ಬಡ್ಡಿ ಸಮೇತ ಬೆಳೆಯುತ್ತದೆ. ಪಿಎಫ್‌ಗೂ ಇದೇ ಮಾತು.

ನಿಮ್ಮ ಟರ್ನರ್ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಎಣಿಕೆಗೆ ಸೇರುವವರು ಬೇರೆ, ಹಣ ಕಟ್ಟುವವರು ಬೇರೆ. ನಿಮ್ಮಲ್ಲಿ ತಿಂಗಳಿಗೆ 24,000 ರೂಪಾಯಿ ಪಡೆಯುವ ಸೂಪರ್‌ವೈಸರ್ ಇದ್ದಾರೆ ಅನ್ನಿ. ಹತ್ತರ ಎಣಿಕೆಗೆ ಅವರೂ ಒಂದು ತಲೆ. ಆದರೆ ಸಂಬಳದ ಮಿತಿ 21,000 ಆದ್ದರಿಂದ ಅವರ ಹೆಸರಿನಲ್ಲಿ ಇಎಸ್‌ಐ ಕಟ್ಟುವುದಿಲ್ಲ. 14,000 ಪಡೆಯುವ ಟರ್ನರ್‌ಗೆ ಕಟ್ಟಬೇಕು. ಅವರ ಸಂಬಳದಿಂದ ಶೇಕಡಾ 0.75, ಅಂದರೆ 105 ರೂಪಾಯಿ. ಮಾಲೀಕರ ಕೈಯಿಂದ ಶೇಕಡಾ 3.25, ಅಂದರೆ 455. ಈ 455ನ್ನೂ ಸಂಬಳದಿಂದಲೇ ಮುರಿದುಕೊಳ್ಳುವವರಿದ್ದಾರೆ, ಅದು ಅನ್ಯಾಯ, ಕಾನೂನಿಗೂ ವಿರುದ್ಧ. ಸೂಚನೆಯಲ್ಲಿ ಎರಡೂ ಪಾಲನ್ನು ಬೇರೆ ಬೇರೆ ಬರೆಯಿರಿ. ಆಗ ಕೆಲಸಗಾರರು ತಮ್ಮ ಸಂಬಳದ ಚೀಟಿಯನ್ನು ತಾವೇ ತಾಳೆ ನೋಡಬಹುದು.

ಉತ್ತರ, ಮದ್ದೂರಿನ ಕಡೆಯಿಂದ

ನಮ್ಮ ಆಲೆಮನೆಯಲ್ಲಿ ಕಬ್ಬು ಅರೆಯುವ ಹಂಗಾಮಿನಲ್ಲಿ ಹನ್ನೆರಡು ಜನ ಇರ್ತಾರೆ. ಮಿಕ್ಕ ದಿನ ಬೀಗ. ಹಾಗಾದ್ರೆ ನಾನೂ ಇಎಸ್‌ಐ ಕಟ್ಟಬೇಕಾ?

ಉತ್ತರ, ಅದೇ ನಿವೃತ್ತರು

ಅಣ್ಣ, ನಿಮ್ಮದು ಬೇರೆ ಮಾತು. ಹಂಗಾಮಿನಲ್ಲಿ ಮಾತ್ರ ನಡೆಯುವ ಕಾರ್ಖಾನೆಗಳನ್ನು ಇಎಸ್‌ಐನಿಂದ ಹೊರಗಿಟ್ಟಿದ್ದಾರೆ. ಆ ಪಟ್ಟಿಯಲ್ಲಿ ಸಕ್ಕರೆಯ ಜೊತೆ ಬೆಲ್ಲವೂ ಇದೆ. ಆದರೆ ಬೆಲ್ಲ ಬಿಟ್ಟು ಅದೇ ಜಾಗದಲ್ಲಿ ವರ್ಷವಿಡೀ ಬೇರೇನಾದರೂ ತಯಾರಿಸಿದರೆ ಈ ವಿನಾಯಿತಿ ನೆಚ್ಚಿಕೊಳ್ಳಬೇಡಿ.

ಮತ್ತೆ ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು ಸರ್. ಇನ್ನೊಂದು ವಿಷಯ. ರಾತ್ರಿ ವಾಚ್‌ಮನ್ ಏಜೆನ್ಸಿಯಿಂದ ಬರುತ್ತಾರೆ. ಅವರ ಸಂಬಳ ನಮ್ಮ ಪಟ್ಟಿಯಲ್ಲಿಲ್ಲ. ‘ನಮ್ಮ ಕೆಲಸಗಾರರು’ ಎಂದು ಬರೆದರೆ ಅವರೂ ಸೇರುತ್ತಾರಾ? ಸೇರಿದರೆ ಈಗಲೇ ಹತ್ತಾಯಿತು ಅಲ್ವಾ?

ಉತ್ತರ, ನಿವೃತ್ತರು

ನನ್ನ ಪ್ರಕಾರ ಸೇರುತ್ತಾರೆ. ಗುತ್ತಿಗೆದಾರರ ಮೂಲಕ ಬಂದರೂ ನಿಮ್ಮ ಜಾಗದಲ್ಲಿ, ನಿಮ್ಮ ಕೆಲಸಕ್ಕಾಗಿ ದುಡಿಯುವವರು ಉದ್ಯೋಗಿಯೇ. ‘ಸಂಬಳದ ಪಟ್ಟಿಯಲ್ಲಿರುವವರು’ ಎಂದು ಮಾತ್ರ ಬರೆಯಬೇಡಿ.

ಉತ್ತರ, ಮೈಸೂರಿನ ಒಬ್ಬ ಆಡಿಟರ್

ಇದನ್ನು ನಾನು ಅಷ್ಟು ಖಡಾಖಂಡಿತವಾಗಿ ಹೇಳುವುದಿಲ್ಲ. ಏಜೆನ್ಸಿಗೆ ಸ್ವಂತ ಇಎಸ್‌ಐ ಸಂಖ್ಯೆ ಇದ್ದು, ವಾಚ್‌ಮನ್ ಹೆಸರಿನಲ್ಲಿ ಅವರೇ ಕಟ್ಟುತ್ತಿದ್ದರೆ ನಿಮ್ಮ ಎಣಿಕೆಗೆ ಮತ್ತೆ ಸೇರಿಸಬಾರದು ಎಂದು ನಾವು ವಾದಿಸುತ್ತೇವೆ. ಮೊದಲು ಏಜೆನ್ಸಿಯಿಂದ ಚಲನ್ ಮತ್ತು ಹೆಸರಿನ ಪಟ್ಟಿ ತರಿಸಿ. ಅದರಲ್ಲಿ ಅವರ ಹೆಸರೇ ಇಲ್ಲದಿದ್ದರೆ ನಿವೃತ್ತರ ಮಾತೇ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು

ಚಲನ್ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ. ಸೂಚನೆ ಹೀಗೆ ಬರೆದಿದ್ದೇನೆ: ‘ಇಲ್ಲಿ ಕನಿಷ್ಠ ಹತ್ತು ಜನ ಕೆಲಸ ಮಾಡಿದರೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಎಲ್ಲರಿಗೂ ಇಎಸ್‌ಐ ಇರುತ್ತದೆ. ಹತ್ತನೆಯವರಿಗೆ ಮಾತ್ರವಲ್ಲ.’ ಇದರಲ್ಲಿ ‘ಜನ’ ಸಾಕೇ, ‘ಉದ್ಯೋಗಿಗಳು’ ಎಂದೇ ಬೇಕೇ, ಹೇಳಿ.